ದೀಪಾವಳಿ ಕಾರ್ಡಿನ ಚಿತ್ರಕ್ಕೆ ಪ್ರಾಂಪ್ಟ್: ಜಗಲಿ ಮೇಲಿನ ಹಣತೆಗಳು

ದೀಪಾವಳಿ ಶುಭಾಶಯದ ಕಾರ್ಡಿಗೆ ಫೋಟೋದಂತೆ ಕಾಣುವ ಒಂದು ಚಿತ್ರ ಬೇಕು. ನಿಲುವಾದ ಕಾರ್ಡು, 5 ಇಂಚು ಅಗಲ, 7 ಇಂಚು ಎತ್ತರ. ಪ್ರಿಂಟ್ ಹಾಕಿಸಿ, ಅದರ ಮೇಲೇ ಪೆನ್ನಿನಿಂದ ಬರೆದು ಕೊಡುತ್ತೇವೆ.

ಜಾಗ: ಹಳೇ ಮನೆಯ ಜಗಲಿ, ಅಮಾವಾಸ್ಯೆ ರಾತ್ರಿ. ಓಡಾಡಿ ಓಡಾಡಿ ನುಣುಪಾದ ಕೆಂಪು ರೆಡ್ ಆಕ್ಸೈಡ್ ನೆಲ, ಹಿಂದೆ ಸುಣ್ಣ ಬಳಿದ ಗೋಡೆ. ಬಲ ಅಂಚಿನಲ್ಲಿ ಮರದ ಕಂಬ ಅರ್ಧ ಮಾತ್ರ ಕಾಣಲಿ, ಅದರಾಚೆ ಬರೀ ಕತ್ತಲೆ. ಚಂದ್ರ ಬೇಡವೇ ಬೇಡ, ಅಮಾವಾಸ್ಯೆ ಅಲ್ವಾ.

ಚಿತ್ರದ ಕೆಳಗಿನ ಮೂರನೇ ಒಂದು ಭಾಗದಲ್ಲಿ 7 ಮಣ್ಣಿನ ಹಣತೆ. ಅಳತೆ ಕಡ್ಡಿ ಹಿಡಿದು ಜೋಡಿಸಿದಂತೆ ಕಾಣಬಾರದು. ಎಡಕ್ಕೆ ನಾಲ್ಕು ಒಟ್ಟಾಗಿ, ಉಳಿದವು ಬಲಕ್ಕೆ ಸ್ವಲ್ಪ ದೂರ ದೂರ. ಬಣ್ಣ, ಚಮಕಿ, ಕನ್ನಡಿ ಚೂರು ಯಾವುದೂ ಬೇಡ, ಸಾದಾ ಹಣತೆ ಸಾಕು. ಹತ್ತಿ ಬತ್ತಿ ಹಣತೆಯ ಮೂತಿಯ ಕಡೆ ಒರಗಿರಲಿ, ಉರಿ ಅದರ ತುದಿಯಲ್ಲಿ ಇರಲಿ. ಎಷ್ಟೋ ಚಿತ್ರಗಳಲ್ಲಿ ಬತ್ತಿ ಮೇಣದಬತ್ತಿ ತರ ಎಣ್ಣೆಯ ನಟ್ಟ ನಡುವೆ ನೆಟ್ಟಗೆ ನಿಂತಿರುತ್ತದೆ, ಹಾಗೆ ಆಗಬಾರದು. ಮಣ್ಣು ಎಣ್ಣೆ ಕುಡಿದು ಅಲ್ಲಲ್ಲಿ ಕಪ್ಪಾಗಿರಲಿ. ಪಕ್ಕದಲ್ಲಿ ಚಿಕ್ಕ ಬಿಳಿ ರಂಗೋಲಿ, ನಾಲ್ಕೈದು ಚೆಂಡು ಹೂವು, ಅಷ್ಟೇ.

ಬೆಳಕು ಹಣತೆಗಳಿಂದ ಮಾತ್ರ ಬರಲಿ. ಬೇರೆ ಬಲ್ಬು, ಸೀರಿಯಲ್ ಲೈಟು ಇಲ್ಲ. ಉರಿಯ ಹತ್ತಿರ ಜೇನಿನ ಬಣ್ಣ, ನೆಲದ ಮೇಲೆ ಅದರ ಮಸುಕು ಪ್ರತಿಬಿಂಬ, ಗೋಡೆ ಮೇಲೆ ಏರುತ್ತಾ ಏರುತ್ತಾ ಬೆಳಕು ತೆಳುವಾಗಿ ಕೆನೆ ಬಣ್ಣಕ್ಕೆ ತಿರುಗಲಿ. ಆದರೆ ಗೋಡೆ ಪೂರ್ತಿ ಕತ್ತಲಾಗಬಾರದು: ನೀಲಿ ಪೆನ್ನಿನಲ್ಲಿ ಬರೆದರೆ ಓದೋಕೆ ಬರಬೇಕು, ಅದಕ್ಕಾಗಿ ನಿಜವಾದ ರಾತ್ರಿಗಿಂತ ಸ್ವಲ್ಪ ಜಾಸ್ತಿ ಬೆಳಕಿದ್ದರೂ ಪರವಾಗಿಲ್ಲ.

ಬಲ ಅಂಚಿನ ಕಂಬ, ಅದರಾಚೆಯ ಕತ್ತಲೆ ಬಿಟ್ಟರೆ ಮೇಲಿನ ಅರ್ಧ ಭಾಗ ಪೂರ್ತಿ ಖಾಲಿ ಗೋಡೆ. ಅಲ್ಲಿ ತೋರಣ, ಆಕಾಶಬುಟ್ಟಿ, ಹೊಗೆ, ಕಿಡಿ, ಗೋಡೆ ಬಿರುಕು, ನೆರಳಿನ ಪಟ್ಟೆ ಏನೂ ಬರಬಾರದು. ಬಾರ್ಡರ್, ಚೌಕಟ್ಟು ಕೂಡ ಬೇಡ. ಸುಣ್ಣದ ಗೋಡೆಯ ಸಣ್ಣ ತರಿ ಕಂಡರೆ ಸಾಕು, ಅದೂ ಅಕ್ಷರಕ್ಕೆ ಅಡ್ಡ ಬರದಷ್ಟು.

ಚಿತ್ರದಲ್ಲಿ ಎಲ್ಲೂ ಬರಹ ಬೇಡ, ಯಾವ ಭಾಷೆಯದ್ದೂ. ಮನುಷ್ಯರು, ಕೈಗಳು, ದೇವರ ಮೂರ್ತಿ, ಪಟಾಕಿ ಬೇಡ. ಕ್ಯಾಮೆರಾ ನೆಲಕ್ಕೆ ಹತ್ತಿರ, ಕೂತು ನೋಡಿದಷ್ಟು ಎತ್ತರದಲ್ಲಿ. ಮುಂದಿನ ಹಣತೆಗಳು ಸ್ಪಷ್ಟ, ಹಿಂದಿನವು ಸ್ವಲ್ಪ ಮಸುಕು. ಅಳತೆ 1500 x 2100 ಪಿಕ್ಸೆಲ್, 300 ಡಿಪಿಐ. ಕತ್ತರಿಸುವಾಗ ಅಂಚು ಹೋಗುತ್ತದೆ, ಆದ್ದರಿಂದ ಯಾವ ಹಣತೆಯೂ ಅಂಚಿಗೆ ತಾಗಿ ಇರಬಾರದು.