ತಂದೆಯವರ ನಿಧನಕ್ಕೆ ಲೆಕ್ಕಪತ್ರ ವಿಭಾಗದ ಸಂತಾಪ

ಆತ್ಮೀಯ ಮಂಜುಳಾ ಅವರಿಗೆ,

ನಿಮ್ಮ ತಂದೆಯವರು ನಿನ್ನೆ ಬೆಳಗಿನ ಜಾವ ಸಾಗರದ ಮನೆಯಲ್ಲಿ ತೀರಿಕೊಂಡ ಸುದ್ದಿ ತಿಳಿದು ನಮ್ಮ ವಿಭಾಗದ ಒಂಬತ್ತೂ ಮಂದಿಗೆ ಬಹಳ ದುಃಖವಾಗಿದೆ. ಎರಡು ವರ್ಷಗಳ ಹಿಂದೆ ಆಯುಧಪೂಜೆಯ ದಿನ ಕಚೇರಿಗೆ ಬಂದಿದ್ದ ಅವರು, ಗಾಜಿನ ಭರಣಿಯಲ್ಲಿ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಊಟದ ಹೊತ್ತಿಗೆ ಎಲ್ಲರಿಗೂ ತಾವೇ ಬಡಿಸುತ್ತ, ಮಗಳು ಲೆಕ್ಕ ತಪ್ಪಿದರೆ ತಮಗೆ ಹೇಳಬೇಕೆಂದು ನಕ್ಕಿದ್ದು ನಮಗಿನ್ನೂ ನೆನಪಿದೆ. ಆ ಭರಣಿ ಇಂದಿಗೂ ಕಪಾಟಿನಲ್ಲಿ ಗುಂಡುಸೂಜಿ ತುಂಬಿಕೊಂಡು ಕುಳಿತಿದೆ.

ಮಾರ್ಚ್ 31ರ ಲೆಕ್ಕ ಮುಕ್ತಾಯದ ಬಗ್ಗೆ ದಯವಿಟ್ಟು ಯೋಚಿಸಬೇಡಿ. ನಿಮ್ಮ ಬಳಿಯಿದ್ದ ಬಿಲ್ಲುಗಳನ್ನೂ ಬ್ಯಾಂಕ್ ತಾಳೆಪಟ್ಟಿಗಳನ್ನೂ ನಾವು ಹಂಚಿಕೊಂಡಿದ್ದೇವೆ; ರಜೆಯ ಅರ್ಜಿಯನ್ನು ಹಿಂದಿರುಗಿದ ಮೇಲೆ ಕೊಟ್ಟರೆ ಸಾಕೆಂದು ವ್ಯವಸ್ಥಾಪಕರು ತಿಳಿಸಿದ್ದಾರೆ. ಈ ಸಂದೇಶಕ್ಕೆ ಉತ್ತರಿಸುವ ಅಗತ್ಯವೂ ಇಲ್ಲ.

ಉತ್ತರಕ್ರಿಯೆಯ ದಿನ ನಿಮಗೆ ಅನುಕೂಲವಾಗುವುದಾದರೆ ನಮ್ಮಲ್ಲಿ ಮೂವರು ಊರಿಗೆ ಬರಲು ಬಯಸಿದ್ದೇವೆ. ತಂದೆಯವರ ಆತ್ಮಕ್ಕೆ ಚಿರಶಾಂತಿಯನ್ನು ಕೋರುತ್ತೇವೆ. ತಾಯಿಯವರಿಗೆ ನಮ್ಮೆಲ್ಲರ ನಮಸ್ಕಾರಗಳನ್ನು ತಿಳಿಸಿ.

ಇಂತಿ,
ಲೆಕ್ಕಪತ್ರ ವಿಭಾಗದ ನಿಮ್ಮ ಸಹೋದ್ಯೋಗಿಗಳು