ಮದುಮಗಳ ತುರ್ತು ಚೀಲ: ಭಾನುವಾರದ ಮದುವೆಗೆ ಪಟ್ಟಿ

ಅನುಷಾ, ಅಕ್ಕನ ಮದುವೆಯ ದಿನ ಈ ಚೀಲದ ಹೊಣೆ ನಿನ್ನದು. ಶನಿವಾರ ರಾತ್ರಿ ನೀರ್ಚಾಲಿನ ಮನೆಯಲ್ಲೇ ಗುರುತು ಹಾಕುತ್ತಾ ತುಂಬಿಸು. ಬದಿಯಡ್ಕದ ಸಭಾಭವನ ತಲುಪಿದ ಮೇಲೆ ಚೀಲವನ್ನು ಮದುಮಗಳ ಕೋಣೆಯಲ್ಲಿ ಇಡಬೇಡ, ನಿನ್ನ ಹೆಗಲಲ್ಲೇ ಇರಲಿ. ಕೋಣೆಗೆ ಬೀಗ ಹಾಕಿದವರು ದಿಬ್ಬಣ ಎದುರುಗೊಳ್ಳಲು ಹೋದರೆ, ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಹುಡುಕುವುದರಲ್ಲೇ 11.40ರ ಮುಹೂರ್ತ ಬಂದುಬಿಡುತ್ತದೆ.

ಸೀರೆ, ರವಕೆ

☐ ಸೇಫ್ಟಿ ಪಿನ್: ಸಣ್ಣವು 20, ದೊಡ್ಡವು 10. ಡಬ್ಬದಲ್ಲಿ ಹಾಕಬೇಡ, ಒಂದು ರಿಬ್ಬನ್ನಿಗೆ ಸಾಲಾಗಿ ಚುಚ್ಚಿಡು. ಹೆಗಲ ಮೇಲಿನ ನಿರಿಗೆಗೆ ಸಣ್ಣವು, ಸೊಂಟಕ್ಕೆ ದೊಡ್ಡವು. ಜರಿಯ ಮೇಲೆ ನೇರವಾಗಿ ಚುಚ್ಚಿದರೆ ಎಳೆ ಕಿತ್ತುಬರುತ್ತದೆ. ಒಳಗಡೆ ಬಟ್ಟೆಯ ಚೂರು ಇಟ್ಟು ಚುಚ್ಚು. ತುಕ್ಕು ಹಿಡಿದ ಒಂದು ಪಿನ್ ಕೂಡ ಬೇಡ.
☐ ಸೂಜಿ ಎರಡು, ದಾರ ಪೋಣಿಸಿಯೇ ಇರಲಿ. ಒಂದಕ್ಕೆ ಧಾರೆ ಸೀರೆಯ ರವಕೆಯ ಬಣ್ಣ, ಇನ್ನೊಂದಕ್ಕೆ ಸಂಜೆಯದು. ಅವಸರದಲ್ಲಿ ಯಾರಿಗೂ ಸೂಜಿಯ ಕಣ್ಣು ಕಾಣುವುದಿಲ್ಲ.
☐ ರವಕೆಯ ಹುಕ್ಕು ನಾಲ್ಕು, ಲಂಗಕ್ಕೆ ಬದಲಿ ಲಾಡಿ, ಸಣ್ಣ ಕತ್ತರಿ.
☐ ಟಾಲ್ಕಮ್ ಪೌಡರ್, ಒಣಗಿದ ಬಿಳಿ ಬಟ್ಟೆ. ತುಪ್ಪ ಬಿದ್ದರೆ ಪೌಡರ್ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ಕೊಡವು. ಕುಂಕುಮ ಉದುರಿದರೆ ಮೆಲ್ಲನೆ ಕೊಡವು, ಒದ್ದೆ ಬಟ್ಟೆಯಿಂದ ಉಜ್ಜಬೇಡ. ದೊಡ್ಡವರು ಯಾರಾದರೂ ನೀರು ಹಿಡಿದು ಬಂದರೆ ನಯವಾಗಿ ತಡೆ.

ತಲೆ, ಮುಖ

☐ ಯು ಪಿನ್, ಕಪ್ಪು ಹೇರ್ ಪಿನ್, ಬಾಚಣಿಗೆ, ಕಪ್ಪು ದಾರ. ಮಲ್ಲಿಗೆಯ ಭಾರಕ್ಕೆ ಜಡೆ ಜಾರುತ್ತದೆ, ಹಾರ ಬದಲಾಯಿಸುವಾಗಲಂತೂ ಖಂಡಿತ.
☐ ಬೊಟ್ಟಿನ ಹಾಳೆ, ಕಾಡಿಗೆ, ಲಿಪ್‌ಸ್ಟಿಕ್, ಟಿಶ್ಯೂ. ಮೇ ತಿಂಗಳ ಬೆವರನ್ನು ಒರೆಸಬಾರದು, ಒತ್ತಿ ತೆಗೆಯಬೇಕು.
☐ ಕಾಲುಂಗುರ ಸಡಿಲವಾದರೆ ಸುತ್ತಲು ದಾರ, ಬಳೆ ಬಿಗಿಯಾದರೆ ಕೊಬ್ಬರಿ ಎಣ್ಣೆ.

ಔಷಧಿ

ಭಾನುವಾರ ಪೇಟೆಯಲ್ಲಿ ಔಷಧಿ ಅಂಗಡಿ ತೆರೆದಿರುತ್ತದೆಂದು ನಂಬಿ ಕೂರಬೇಡ. ಅಕ್ಕ ಮೊದಲು ತೆಗೆದುಕೊಂಡು ಒಗ್ಗಿದ ಮಾತ್ರೆಗಳು ಮಾತ್ರ ಚೀಲಕ್ಕೆ ಹೋಗಲಿ. ಹೊಸ ಮಾತ್ರೆಯ ಪರೀಕ್ಷೆ ಮಂಟಪದಲ್ಲಿ ಬೇಡ.

☐ ತಲೆನೋವಿಗೆ ಪ್ಯಾರಸಿಟಮಾಲ್. ಹೊಟ್ಟೆ ಉರಿಗೆ ಅವಳ ಮಾಮೂಲಿ ಮಾತ್ರೆ.
☐ ಮುಟ್ಟಿನ ನೋವಿನ ಮಾತ್ರೆ, ಪ್ಯಾಡ್ ಎರಡು. ದಿನ ದೂರವಿದ್ದರೂ ಇರಲಿ. ಈ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಕೊಡಬೇಡ. ಧಾರೆಯವರೆಗೆ ಉಪವಾಸವೆಂದು ಅಜ್ಜಿ ಹೇಳಿದರೂ ಹಾಲು, ಬಾಳೆಹಣ್ಣಿಗೆ ಅವರ ಒಪ್ಪಿಗೆ ಇದೆ, ನಾನು ಕೇಳಿಟ್ಟಿದ್ದೇನೆ.
☐ ಅಲರ್ಜಿ ಮಾತ್ರೆ. ಕೆಲವು ನಿದ್ದೆ ತರಿಸುತ್ತವೆ, ತೀರಾ ಅಗತ್ಯವಿದ್ದರೆ ಮಾತ್ರ.
☐ ಒಆರ್‌ಎಸ್ ಪೊಟ್ಟಣ. ಎಷ್ಟು ನೀರಿಗೆ ಎಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ, ಅಂದಾಜಿನಲ್ಲಿ ಕಲಸಬೇಡ.
☐ ಕಣ್ಣಿನ ಹನಿ ಔಷಧಿ, ಲೆನ್ಸಿನ ಡಬ್ಬಿ, ಕನ್ನಡಕ. ಹೋಮದ ಹೊಗೆಗೆ ಲೆನ್ಸ್ ಹಾಕಿದ ಕಣ್ಣು ಬೇಗ ಉರಿಯುತ್ತದೆ. ಕಾಡಿಗೆ ಹರಿದರೂ ಪರವಾಗಿಲ್ಲ, ಲೆನ್ಸ್ ತೆಗೆಸು.
☐ ಬ್ಯಾಂಡೇಜು, ಪ್ರಯಾಣದ ವಾಂತಿ ಮಾತ್ರೆ.

ಯಾರಿಗಾದರೂ ಎದೆನೋವು, ಪ್ರಜ್ಞೆ ತಪ್ಪುವುದು ಆದರೆ ಚೀಲ ಹುಡುಕುತ್ತಾ ನಿಲ್ಲಬೇಡ, 108ಕ್ಕೆ ಕರೆ ಮಾಡು.

ಕುಡಿಯಲು, ತಿನ್ನಲು

☐ ನೀರಿನ ಬಾಟಲಿ, ಸ್ಟ್ರಾ, ಮಡಿಲಿಗೆ ಹಾಸಲು ಟವೆಲು. ಸೀರೆ ಬದಲಾಯಿಸುವವರೆಗೆ ಎಳನೀರು, ಪುನರ್ಪುಳಿ ಶರಬತ್ತು ಎರಡಕ್ಕೂ ಬೇಡವೆನ್ನು. ಎಳನೀರು ನೋಡಲು ನೀರೇ, ಆದರೆ ಅದರ ಕಲೆ ಆಮೇಲೆ ಕಾಣಿಸಿಕೊಳ್ಳುತ್ತದೆ.
☐ ಗ್ಲುಕೋಸ್ ಬಿಸ್ಕತ್ತು, ಏಲಕ್ಕಿ.

ಚಪ್ಪಲಿ

☐ ಮೆತ್ತನೆಯ ಚಪ್ಪಲಿ, ಸಂಜೆಯ ಎತ್ತರದ ಚಪ್ಪಲಿ. ಯಾವುದನ್ನು ಹಾಕುತ್ತಾಳೋ ಅದರಲ್ಲೇ ನಿಲ್ಲಿಸಿ ನಿರಿಗೆ ಹಿಡಿಯಬೇಕು. ಎತ್ತರದ್ದನ್ನು ಬಿಚ್ಚಿ ಮೆತ್ತನೆಯದನ್ನು ಹಾಕಿದರೆ ಅಂಚು ನೆಲ ಗುಡಿಸುತ್ತದೆ, ಕಾಲು ತೊಡರುತ್ತದೆ. ಆಗ ಸೊಂಟದ ಹತ್ತಿರ ಒಂದು ಮಡಿಕೆ ಎತ್ತಿ ದೊಡ್ಡ ಪಿನ್ ಹಾಕು.
☐ ಹೊಸ ಚಪ್ಪಲಿಯನ್ನು ಅಕ್ಕ ಈ ವಾರ ಮನೆಯೊಳಗೆ ಹಾಕಿ ಓಡಾಡಲಿ. ಮಂಟಪ ಹತ್ತುವಾಗ ಬಿಚ್ಚಿದ್ದನ್ನು ಕೂಡಲೇ ಬಟ್ಟೆಚೀಲಕ್ಕೆ ಹಾಕು. ಬಾಗಿಲ ಬಳಿಯ ರಾಶಿಯಲ್ಲಿ ಬಿಟ್ಟರೆ ಊಟ ಮುಗಿಸಿ ಹೊರಟ ಯಾರದೋ ಕಾಲಲ್ಲಿ ಹೋಗಿರುತ್ತದೆ.

ಇನ್ನುಳಿದದ್ದು

☐ ಚಾರ್ಜರ್, ಪವರ್ ಬ್ಯಾಂಕ್.
☐ ಚಿಲ್ಲರೆ: 10, 50, 100ರ ನೋಟು, ಒಂದು ರೂಪಾಯಿ ನಾಣ್ಯಗಳು.
☐ ಪುರೋಹಿತರು, ಬ್ಯೂಟಿಷಿಯನ್, ಹೂವಿನವರು, ಕಾರಿನ ಚಾಲಕ ಇವರ ನಂಬರು ಕಾಗದದಲ್ಲಿ. ಮೊಬೈಲ್ ಯಾರ ಕೈಯಲ್ಲಿರುತ್ತದೋ ಹೇಳಲಾಗದು.
☐ ಆಭರಣದ ಖಾಲಿ ಡಬ್ಬಿಗಳು ಚೀಲದಲ್ಲಿ ಬೇಡ. ಅವು ಅಮ್ಮನ ಹತ್ತಿರವೇ ಇರಲಿ.

ಸಂಜೆ ಪುತ್ತೂರಿಗೆ ಹೊರಡುವ ಮುಂಚೆ ಪಿನ್ನಿನ ರಿಬ್ಬನ್, ಮಾತ್ರೆಗಳು, ಕನ್ನಡಕ, ಮೆತ್ತನೆಯ ಚಪ್ಪಲಿ, ಚಾರ್ಜರ್ ಇಷ್ಟನ್ನು ಸಣ್ಣ ಚೀಲಕ್ಕೆ ಹಾಕಿ ಅಕ್ಕನ ಕೈಗೇ ಕೊಡು, ಡಿಕ್ಕಿಯಲ್ಲಿ ಇಡಬೇಡ. ವಾಂತಿ ಮಾತ್ರೆಯನ್ನು ಹೊರಡುವ ಅರ್ಧ ಗಂಟೆ ಮೊದಲೇ ಕೊಟ್ಟಿರು, ಪೆರ್ಲ ದಾಟಿದ ಮೇಲೆ ತಿರುವುಗಳು ಬಹಳ. ಉಳಿದ ಸಾಮಾನು ಮನೆಗೆ ಬರಲಿ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆಗೆ ಇದೇ ಚೀಲ ಬೇಕು.

ಅತ್ತೆ