ಗ್ರಂಥಾಲಯ ಅಭಿಪ್ರಾಯ ಫಾರ್ಮ್: ಈ ವಾರದ ಟಿಪ್ಪಣಿ

ಮಾನ್ಯ ಪಿಡಿಒ, ಅಧ್ಯಕ್ಷರು ಮತ್ತು ಸದಸ್ಯರ ಗಮನಕ್ಕೆ,

"ನಮ್ಮ ಗ್ರಂಥಾಲಯದಲ್ಲಿ ಏನು ಬದಲಾಗಬೇಕು?" ಎಂಬ ಪ್ರಶ್ನೆಗೆ ಈ ವಾರ 68 ಉತ್ತರ ಬಂದಿವೆ. 41 ಮೊಬೈಲಿನಿಂದ, 27 ಚೀಟಿಯಲ್ಲಿ. ಒಂದೇ ನಿಮಿಷದಲ್ಲಿ ಅಕ್ಷರ ಬಿಡದೆ ಮೂರು ಸಲ ಬಂದ ಒಂದು ಉತ್ತರವನ್ನು ಒಂದೇ ಎಂದು ಹಿಡಿದಿದ್ದೇನೆ. ಉಳಿದ 66ರಲ್ಲಿ 7 ಬರೀ "ಚೆನ್ನಾಗಿದೆ", "ಏನೂ ಇಲ್ಲ" ಎಂಬಂಥವು. ಹಾಗಾಗಿ ಎಣಿಕೆಗೆ ಸಿಕ್ಕಿದ್ದು 59. ಒಬ್ಬರೇ ಎರಡು ವಿಷಯ ಬರೆದಿದ್ದರೆ ಎರಡರಲ್ಲೂ ಲೆಕ್ಕಕ್ಕೆ ಬಂದಿದೆ, ಆದ್ದರಿಂದ ಕೆಳಗಿನದನ್ನು ಕೂಡಿದರೆ 59ಕ್ಕಿಂತ ಹೆಚ್ಚಾಗುತ್ತದೆ.

ತೆರೆಯುವ ಸಮಯ: 24
ಪರೀಕ್ಷಾ ಪುಸ್ತಕ ಹಳೆಯದು: 18
ಶೌಚಾಲಯ: 11
ಕಂಪ್ಯೂಟರ್, ಇಂಟರ್ನೆಟ್: 9
ಸಂಜೆ ಮಕ್ಕಳ ಗಲಾಟೆ: 5
ಬಿಡಿ ಮಾತುಗಳು: 6

ಸಮಯದ 24ನ್ನು ಒಂದೇ ಬೇಡಿಕೆ ಎಂದು ಓದಬೇಡಿ. 15 ಜನ ಸಂಜೆ 6ರ ಬದಲು 8ರವರೆಗೆ ತೆಗೆದಿಡಿ ಎಂದಿದ್ದಾರೆ. ಅವರಲ್ಲಿ 8 ಜನ ಬಿಡದಿ ಕಡೆ ಕೆಲಸಕ್ಕೆ ಹೋಗುವವರು. "ನಾನು ಬಸ್ ಇಳಿಯೋದೇ ಏಳಕ್ಕೆ, ಬೀಗ ನೋಡ್ಕೊಂಡು ಮನೆಗೆ ಹೋಗ್ತೀನಿ" ಎಂದು ಒಬ್ಬರು ಬರೆದಿದ್ದಾರೆ. ಇನ್ನು 6 ಜನ ಕೇಳುತ್ತಿರುವುದು ಬೆಳಿಗ್ಗೆ, ಕಾಲೇಜು ಬಸ್ಸಿಗೆ ಮುಂಚೆ. ಉಳಿದ 3 ಜನಕ್ಕೆ ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುವುದು ತೊಂದರೆ. ಮೇಲ್ವಿಚಾರಕಿ ನಾನೊಬ್ಬಳೇ, ಎರಡೂ ತುದಿಗೆ ಸಮಯ ಎಳೆಯಲು ಆಗುವುದಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಮಧ್ಯಾಹ್ನ 1ರಿಂದ 3ರ ನಡುವೆ ದಿನಕ್ಕೆ ನಾಲ್ಕೈದು ಸಹಿ ಮಾತ್ರ. ಆ ಎರಡು ಗಂಟೆಯನ್ನು ಸಂಜೆಗೆ ತಳ್ಳಿದರೆ 15 ಜನಕ್ಕೆ ದಾರಿಯಾಗುತ್ತದೆ, ಊಟದ ಹೊತ್ತಿನವರಿಗೆ ಕಷ್ಟ ಹೆಚ್ಚುತ್ತದೆ. ನನ್ನ ಒಲವು ಸಂಜೆಯ ಕಡೆಗೆ.

ಪುಸ್ತಕದ ಬಗ್ಗೆ ಬರೆದ 18 ಜನರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರೇ. "ಪುಸ್ತಕದಲ್ಲಿ ಜಮ್ಮು ಕಾಶ್ಮೀರ ಇನ್ನೂ ರಾಜ್ಯ" ಎಂಬ ಉತ್ತರ ಓದಿ ಕಪಾಟಿನಿಂದ ಆ ಸಾಮಾನ್ಯ ಜ್ಞಾನದ ಪುಸ್ತಕ ತೆಗೆದು ನೋಡಿದೆ. 2016ರ ಮುದ್ರಣ. 2017ರ ಜಿಎಸ್‌ಟಿ ಇಲ್ಲ, 2019ರಲ್ಲಿ ಆ ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶವಾದದ್ದೂ ಇಲ್ಲ. ಅದನ್ನೇ ನಂಬಿ ಓದಿದ ಹುಡುಗ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತಾನೆ. ಅಂಥ ಪುಸ್ತಕ ಕಪಾಟಿನಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು, ಬೇರೆ ಕಟ್ಟಿಡುತ್ತಿದ್ದೇನೆ. "ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ತೀವಲ್ಲ" ಎಂದು ಇಬ್ಬರು ನೆನಪಿಸಿದ್ದಾರೆ. ಬೇಕಾದ ಪುಸ್ತಕಗಳ ಪಟ್ಟಿ ಸಿದ್ಧವಿದೆ.

ಶೌಚಾಲಯದ ಸಂಖ್ಯೆ 11 ಎಂದು ಕಡೆಗಣಿಸಬಾರದು ಎಂಬುದು ನನ್ನ ಕಳಕಳಿಯ ಮಾತು. ಈ ವಾರ ಬರೆದ ಹೆಣ್ಣುಮಕ್ಕಳು 21, ಅವರಲ್ಲಿ 9 ಜನ ಇದನ್ನೇ ಬರೆದಿದ್ದಾರೆ. ಹೆಣ್ಣುಮಕ್ಕಳು ಇಷ್ಟು ಒಮ್ಮತದಿಂದ ಹೇಳಿದ್ದು ಬೇರೊಂದಿಲ್ಲ. ಪಂಚಾಯಿತಿ ಕಚೇರಿಯ ಹಿಂದಿನ ಶೌಚಾಲಯಕ್ಕೆ ಕಚೇರಿ ಮುಚ್ಚಿದ ಕೂಡಲೇ ಬೀಗ ಬೀಳುತ್ತದೆ, ಆಮೇಲೂ ಗ್ರಂಥಾಲಯ ತೆರೆದಿರುತ್ತದೆ. "ನೀರು ಕುಡಿಯದೆ ಬಂದು ಕೂತ್ಕೋತೀನಿ" ಎಂದು ಒಬ್ಬಳು ಬರೆದಿದ್ದಾಳೆ. ಸಂಜೆ 8ರವರೆಗೆ ತೆಗೆದರೂ ಇದು ಸರಿಯಾಗದಿದ್ದರೆ ಅವರು ಬರುವುದಿಲ್ಲ.

ಹೋದ ವಾರ ಶೌಚಾಲಯದ ಬಗ್ಗೆ 4 ಉತ್ತರ ಮಾತ್ರ ಇತ್ತು. ಸಮಸ್ಯೆ ಒಂದೇ ವಾರದಲ್ಲಿ ಬೆಳೆದಿದೆ ಎಂದಲ್ಲ. ಆಗ ಗೋಡೆಯ ಕ್ಯುಆರ್ ಕೋಡ್ ಮಾತ್ರ ಇತ್ತು, ಈ ವಾರ ಚೀಟಿ ಮತ್ತು ಡಬ್ಬ ಇಟ್ಟೆವು. 21 ಹೆಣ್ಣುಮಕ್ಕಳಲ್ಲಿ 16 ಜನ ಬರೆದದ್ದು ಚೀಟಿಯಲ್ಲಿ. ಆದ್ದರಿಂದ ಎರಡು ವಾರದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎನ್ನಲಾಗದು. ಚೀಟಿ ಡಬ್ಬ ಮುಂದುವರಿಸುತ್ತೇನೆ.

ಕಂಪ್ಯೂಟರ್ ಬಗ್ಗೆ ಬಂದ 9ರಲ್ಲಿ ಹೆಚ್ಚಿನವು ನೆಟ್ ನಿಧಾನ ಎಂಬ ದೂರು. ಮಕ್ಕಳ ಗಲಾಟೆಯನ್ನು ಕಥೆ ಓದುವ ಚಟುವಟಿಕೆಯನ್ನು ಜಗಲಿಗೆ ಹಾಕಿ ನಾನೇ ಸರಿಪಡಿಸುತ್ತೇನೆ. ಬಿಡಿ ಮಾತುಗಳಲ್ಲಿ ಒಂದು ಮುಖ್ಯ: ಅಜ್ಜರೊಬ್ಬರು ಪತ್ರಿಕೆ ಓದಲು ಕಿಟಕಿ ಪಕ್ಕ ಬೆನ್ನು ಒರಗುವ ಕುರ್ಚಿ ಕೇಳಿದ್ದಾರೆ. ಕಚೇರಿಯಲ್ಲಿ ಬಳಸದ ಎರಡು ಕುರ್ಚಿ ಇವೆ, ಒಂದನ್ನು ಕೊಡಿಸಿ.

ಹಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಅದನ್ನು ಕನ್ನಡ ಲಿಪಿಗೆ ತಂದಿದ್ದೇನೆ, ಮಾತು ಅವರದೇ. ಹೆಸರುಗಳನ್ನು ಬಿಟ್ಟಿದ್ದೇನೆ.

ಈ ಸಭೆಯಲ್ಲಿ ಎರಡು ತೀರ್ಮಾನ ಬೇಕು: ಸಂಜೆಯ ಸಮಯ ಮತ್ತು ಪುಸ್ತಕ ಖರೀದಿ. ಶೌಚಾಲಯದ ಇನ್ನೊಂದು ಕೀಲಿಗೆ ಸಭೆ ಕಾಯುವುದು ಬೇಡ. ನಾಳೆಯೇ ಮಾಡಿಸಿಕೊಟ್ಟರೆ ಗ್ರಂಥಾಲಯದ ಮೇಜಿನಲ್ಲಿ ಇಟ್ಟುಕೊಳ್ಳುತ್ತೇನೆ, ಬೀಗ ಹಾಕುವ ಜವಾಬ್ದಾರಿ ನನ್ನದು.

ಇತಿ,
ಗ್ರಂಥಾಲಯ ಮೇಲ್ವಿಚಾರಕಿ